ಇನ್‌ಬಾಕ್ಸ್ ಸಹಾಯಕರ ಕೈಗೆ ಕೊಡುವ ಮುನ್ನ

ಮೈಸೂರಿನಲ್ಲಿ ಕಚೇರಿ ಇಟ್ಟುಕೊಂಡಿರುವ ಒಬ್ಬ ಆಡಿಟರ್ ಇದ್ದಾರೆ ಎಂದುಕೊಳ್ಳೋಣ. ಹದಿನೈದು ವರ್ಷದಿಂದ ಅವರದು ಒಂದೇ ಜಿಮೇಲ್ ವಿಳಾಸ. ಕಕ್ಷಿದಾರರ ಲೆಕ್ಕಪತ್ರ, ಜಿಎಸ್‌ಟಿ ನೋಟಿಸು, ಬ್ಯಾಂಕಿನ ಸ್ಟೇಟ್‌ಮೆಂಟು, ಲ್ಯಾಬಿನಿಂದ ಬಂದ ರಕ್ತಪರೀಕ್ಷೆಯ ವರದಿ, ಹೊರದೇಶದಲ್ಲಿರುವ ತಂಗಿಯ ಪತ್ರ ಎಲ್ಲವೂ ಅಲ್ಲಿಗೇ ಬರುತ್ತವೆ. ಜುಲೈ ಹತ್ತಿರವಾಗುತ್ತಿದ್ದಂತೆ ರಿಟರ್ನ್ಸ್ ಕೆಲಸ ಏರುತ್ತದೆ. ಮೇಲ್ ನೋಡಿ ಉತ್ತರಿಸುವ ಹೊಣೆಯನ್ನು ಸಹಾಯಕಿಗೆ ವಹಿಸದೆ ಬೇರೆ ದಾರಿಯಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ: ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟುಬಿಡುವುದು.

ಈ ಚೀಟಿ ಇನ್‌ಬಾಕ್ಸಿನ ಜೊತೆಗೆ ಇನ್ನೂ ಎಷ್ಟೋ ಬಾಗಿಲುಗಳನ್ನು ತೆರೆಯುತ್ತದೆ. ಗೂಗಲ್ ಖಾತೆಯ ಪಾಸ್‌ವರ್ಡ್ ಒಂದೇ ಆದ್ದರಿಂದ ಡ್ರೈವ್‌ನಲ್ಲಿರುವ ಕಡತ, ಮನೆಯವರ ಫೋಟೋ, ಫೋನಿನಿಂದ ಉಳಿಸಿಟ್ಟ ಸಂಪರ್ಕಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಎರಡು ಹಂತದ ದೃಢೀಕರಣ ಇದ್ದರೆ ಸಹಾಯಕಿ ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಆಗುವಾಗ ಆಡಿಟರ್ ತಮ್ಮ ಫೋನ್ ಹಿಡಿದು ಕೂರಬೇಕು. ಆ ತೊಂದರೆ ತಾಳಲಾರದೆ ಹಲವರು ದೃಢೀಕರಣವನ್ನೇ ತೆಗೆದುಹಾಕುತ್ತಾರೆ. ಮುಂದೊಂದು ದಿನ ಯಾವುದೋ ಉತ್ತರ ತಪ್ಪಾಗಿ ಹೋಯಿತೆಂದರೆ, ಬರೆದವರು ಯಾರೆಂದು ಹೇಳಲು ಯಾವ ಗುರುತೂ ಇರುವುದಿಲ್ಲ.

ಇದಕ್ಕೆಂದೇ ಇರುವ ವ್ಯವಸ್ಥೆ ಡೆಲಿಗೇಷನ್. ಇದರಲ್ಲಿ ಸಹಾಯಕಿ ತಮ್ಮದೇ ಖಾತೆಯಿಂದ, ತಮ್ಮದೇ ಪಾಸ್‌ವರ್ಡಿನಿಂದ ಒಳಬರುತ್ತಾರೆ. ಅಲ್ಲಿಂದ ಆಡಿಟರ್ ಅವರ ಮೇಲನ್ನು ತೆರೆಯುತ್ತಾರೆ. ಜಿಮೇಲ್‌ನಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಬೇಕು. ಸೆಟ್ಟಿಂಗ್ಸ್ ತೆರೆದು Accounts and Import ಎಂಬ ವಿಭಾಗಕ್ಕೆ ಹೋದರೆ Grant access to your account ಎಂಬ ಸಾಲು ಕಾಣುತ್ತದೆ. ಅಲ್ಲಿ Add another account ಒತ್ತಿ ಸಹಾಯಕಿಯ ಜಿಮೇಲ್ ವಿಳಾಸ ಬರೆದರೆ ಅವರಿಗೆ ಆಹ್ವಾನ ಹೋಗುತ್ತದೆ. ಒಂದು ವಾರದೊಳಗೆ ಒಪ್ಪದಿದ್ದರೆ ಅದರ ಅವಧಿ ಮುಗಿಯುತ್ತದೆ. ಒಪ್ಪಿದ ಮೇಲೂ ಜಾರಿಗೆ ಬರಲು ಒಂದು ದಿನದವರೆಗೆ ಹಿಡಿಯಬಹುದು. ಆಮೇಲೆ ಸಹಾಯಕಿ ತಮ್ಮ ಜಿಮೇಲ್‌ನ ಮೇಲ್ತುದಿಯಲ್ಲಿರುವ ಚಿತ್ರವನ್ನು ಒತ್ತಿದರೆ ಆಡಿಟರ್ ಅವರ ಖಾತೆಯೂ ಪಟ್ಟಿಯಲ್ಲಿ ಕಾಣುತ್ತದೆ. ಅವರು ಮೇಲ್ ಓದಬಹುದು, ಕಳಿಸಬಹುದು, ಅಳಿಸಬಹುದು. ಪಾಸ್‌ವರ್ಡ್ ಬದಲಿಸಲಾಗದು, ಆಡಿಟರ್ ಹೆಸರಿನಲ್ಲಿ ಚಾಟ್ ಮಾಡಲಾಗದು.

ಇಷ್ಟಕ್ಕೆ ನೆಮ್ಮದಿಯಾಗಿ ಕೂರುವಂತಿಲ್ಲ. ಜಿಮೇಲ್ ಡೆಲಿಗೇಷನ್‌ನಲ್ಲಿ 'ಇಷ್ಟು ತೋರಿಸು, ಅಷ್ಟು ಮುಚ್ಚಿಡು' ಎಂಬ ಆಯ್ಕೆಯೇ ಇಲ್ಲ. ಕೊಟ್ಟರೆ ಇಡೀ ಖಾತೆಯ ಮೇಲ್ ಕೊಟ್ಟಂತೆ. ಹದಿನೈದು ವರ್ಷದ ಹಳೆಯ ಪತ್ರಗಳು, ಕಳಿಸಿದ ಪತ್ರಗಳು, ಕಸದ ಬುಟ್ಟಿ ಎಲ್ಲವೂ ಅದರಲ್ಲಿ ಸೇರಿವೆ. 'ಖಾಸಗಿ' ಎಂದು ಲೇಬಲ್ ಹಚ್ಚಿದರೆ ಅದು ಗುರುತಾಗುತ್ತದೆಯೇ ಹೊರತು ಮರೆಯಾಗುವುದಿಲ್ಲ. ಆರ್ಕೈವ್ ಮಾಡಿದ ಪತ್ರ ಹುಡುಕಿದೊಡನೆ ಸಿಗುತ್ತದೆ.

ಅನೇಕರಿಗೆ ಹೊಳೆಯುವ ಉಪಾಯ ಫಿಲ್ಟರ್. ಬ್ಯಾಂಕಿನಿಂದಲೋ ಆಸ್ಪತ್ರೆಯಿಂದಲೋ ಬಂದ ಮೇಲನ್ನು ಇನ್ನೊಂದು ಖಾಸಗಿ ವಿಳಾಸಕ್ಕೆ ದಾಟಿಸಿ, ಇಲ್ಲಿಂದ ಅಳಿಸಿಬಿಡು ಎಂದು ನಿಯಮ ಬರೆಯುವುದು. ಆದರೆ ಹಾಗೆ ಅಳಿಸಿದ ಪತ್ರ ಮೂವತ್ತು ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆ ಬುಟ್ಟಿ ಸಹಾಯಕಿಗೂ ತೆರೆದಿದೆ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಯಾವುದು ಖಾಸಗಿ ಎಂಬ ಪಟ್ಟಿಯನ್ನು ಎಂದೂ ಪೂರ್ತಿ ಬರೆದು ಮುಗಿಸಲಾಗದು. ನಾಳೆ ಹೊಸದೊಂದು ಲ್ಯಾಬಿನಿಂದ ವರದಿ ಬಂದರೆ, ತಂಗಿ ಬೇರೊಂದು ವಿಳಾಸದಿಂದ ಬರೆದರೆ, ಆ ಪತ್ರ ಫಿಲ್ಟರಿಗೆ ಸಿಗದೆ ನೇರ ಸಹಾಯಕಿಯ ಕಣ್ಣಿಗೆ ಬೀಳುತ್ತದೆ. ಒಮ್ಮೆ ಓದಿದ ಪತ್ರವನ್ನು ಓದಿಲ್ಲವೆಂದು ಮಾಡಲು ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಪಾಸ್‌ವರ್ಡ್ ಮರುಹೊಂದಿಕೆಯ ಮೇಲ್‌ಗಳದು. ಇನ್ನೆಷ್ಟೋ ಜಾಲತಾಣಗಳ ಖಾತೆಗಳು ಇದೇ ವಿಳಾಸಕ್ಕೆ ಕಟ್ಟಿಕೊಂಡಿರುತ್ತವೆ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಕೊಂಡಿಯೋ ಒಟಿಪಿಯೋ ಇಲ್ಲಿಗೇ ಬರುತ್ತದೆ. ಸಹಾಯಕಿ ಎಷ್ಟೇ ನಂಬಿಗಸ್ತರಾಗಿರಲಿ, ಅವರ ಸ್ವಂತ ಖಾತೆಗೆ ಯಾರಾದರೂ ಕನ್ನ ಹಾಕಿದರೆ ಆ ಕಳ್ಳನಿಗೆ ಆಡಿಟರ್ ಇನ್‌ಬಾಕ್ಸ್ ಕೂಡ ಸಿಕ್ಕಂತೆಯೇ. ಆದ್ದರಿಂದ ಡೆಲಿಗೇಟ್ ಆಗುವವರ ಖಾತೆಗೂ ಎರಡು ಹಂತದ ದೃಢೀಕರಣ ಇರಲೇಬೇಕು.

ಹಾಗಾದರೆ ದಾರಿ ಏನು? ಫಿಲ್ಟರನ್ನು ತಿರುಗುಮುರುಗು ಮಾಡುವುದು. ಹಳೆಯ ವಿಳಾಸವನ್ನು ಯಾರಿಗೂ ಕೊಡದೆ ತಮಗೇ ಇಟ್ಟುಕೊಂಡು, ಕಚೇರಿಗೆಂದು ಹೊಸ ವಿಳಾಸ ತೆರೆದು ಅದಕ್ಕೆ ಮಾತ್ರ ಸಹಾಯಕಿಯನ್ನು ಡೆಲಿಗೇಟ್ ಮಾಡುವುದು. ಹಳೆಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿ Forwarding and POP/IMAP ಎಂಬ ವಿಭಾಗ ತೆರೆದು ಹೊಸ ವಿಳಾಸವನ್ನು ಸೇರಿಸಬೇಕು. ಹೊಸ ಖಾತೆಗೆ ಬರುವ ದೃಢೀಕರಣವನ್ನು ಒಪ್ಪಬೇಕು. ಆಮೇಲೆ ಒಬ್ಬೊಬ್ಬ ಕಕ್ಷಿದಾರರ ವಿಳಾಸಕ್ಕೂ ಒಂದು ಫಿಲ್ಟರ್ ಬರೆದು Forward it to ಎಂಬುದನ್ನು ಆರಿಸಬೇಕು. ಇಡೀ ಖಾತೆಯ ಮೇಲನ್ನು ದಾಟಿಸುವ ಆಯ್ಕೆಯೂ ಅದೇ ವಿಭಾಗದಲ್ಲಿದೆ, ಅದನ್ನು ಮಾತ್ರ ಮುಟ್ಟಬಾರದು.

ಈಗ ಪಟ್ಟಿಯಲ್ಲಿ ಒಬ್ಬ ಕಕ್ಷಿದಾರರ ಹೆಸರು ಬಿಟ್ಟುಹೋದರೂ ಆಗುವ ನಷ್ಟ ಇಷ್ಟೇ: ಅವರ ಪತ್ರ ಹಳೆಯ ಖಾತೆಯಲ್ಲೇ ಉಳಿಯುತ್ತದೆ, ಆಡಿಟರ್ ಸಂಜೆ ನೋಡಿ ಕೈಯಾರೆ ದಾಟಿಸುತ್ತಾರೆ. ತಂಗಿಯ ಪತ್ರ ಮಾತ್ರ ಯಾವ ಕಾರಣಕ್ಕೂ ಸಹಾಯಕಿಯ ಮುಂದೆ ತೆರೆದುಕೊಳ್ಳುವುದಿಲ್ಲ. ಮೊದಲ ವ್ಯವಸ್ಥೆಯಲ್ಲಿ ಮರೆವಿಗೆ ಬೆಲೆ ತೆರುತ್ತಿದ್ದುದು ಖಾಸಗಿತನ. ಇಲ್ಲಿ ಬೆಲೆ ತೆರುವುದು ಒಂದಿಷ್ಟು ವಿಳಂಬ. ಸಹಾಯಕಿ ಹೊಸ ವಿಳಾಸದಿಂದಲೇ ಉತ್ತರಿಸುವುದರಿಂದ ಕಕ್ಷಿದಾರರಿಗೂ ಅದು ಮೆಲ್ಲಗೆ ರೂಢಿಯಾಗುತ್ತದೆ. ಫಿಲ್ಟರ್ ದಾಟಿಸುವುದು ಹೊಸದಾಗಿ ಬರುವ ಮೇಲನ್ನು ಮಾತ್ರ. ಹಳೆಯದರಲ್ಲಿ ಬೇಕಾದದ್ದನ್ನು ಆಡಿಟರ್ ತಾವೇ ಆರಿಸಿ ಕಳಿಸಬೇಕು. ಅದೂ ಒಳ್ಳೆಯದೇ.

ದೊಡ್ಡ ಕಂಪನಿಗಳಲ್ಲಿ, ಮೈಕ್ರೋಸಾಫ್ಟಿನ ಔಟ್‌ಲುಕ್ ಬಳಸುವ ಕಡೆ, ಲೆಕ್ಕ ಬೇರೆ. ಅಲ್ಲಿ ಒಂದೊಂದು ಫೋಲ್ಡರಿಗೂ ಬೇರೆ ಬೇರೆ ಅನುಮತಿ ಕೊಡಬಹುದು. ಮುಖ್ಯವಾಗಿ ಮೂರು ಮಟ್ಟಗಳಿವೆ. Reviewer ಆದವರು ಓದಬಲ್ಲರು, ಅಷ್ಟೇ. Author ಆದವರು ಓದುವುದರ ಜೊತೆಗೆ ಹೊಸತು ಸೃಷ್ಟಿಸಬಲ್ಲರು, ತಾವು ಸೃಷ್ಟಿಸಿದ್ದನ್ನು ತಿದ್ದಿ ಅಳಿಸಬಲ್ಲರು. Editor ಆದವರಿಗೆ ನಿಮ್ಮದನ್ನೂ ತಿದ್ದುವ, ಅಳಿಸುವ ಅಧಿಕಾರವಿದೆ. ಕ್ಯಾಲೆಂಡರಿಗೆ Editor, ಇನ್‌ಬಾಕ್ಸಿಗೆ ಏನೂ ಇಲ್ಲ ಎಂದೂ ಕೊಡಬಹುದು. ಸಭೆಗಳನ್ನು ನಿಗದಿ ಮಾಡುವುದಷ್ಟೇ ಸಹಾಯಕರ ಕೆಲಸವಾದರೆ ಅಷ್ಟೇ ಸಾಕು.

ಔಟ್‌ಲುಕ್‌ನಲ್ಲಿ ಜನ ಎಡವುವುದು Private ಎಂಬ ಗುರುತಿನ ಹತ್ತಿರ. ಡೆಲಿಗೇಟ್ ಅನುಮತಿಯ ಕಿಟಕಿಯಲ್ಲಿ Delegate can see my private items ಎಂಬ ಚೌಕವಿದೆ. ಅದನ್ನು ಖಾಲಿ ಬಿಟ್ಟರೆ ಖಾಸಗಿ ಪತ್ರಗಳು ಕಾಣುವುದಿಲ್ಲ ಎಂದು ನಂಬುವವರು ಬಹಳ. ಆದರೆ ಆ ಚೌಕ ಕಾಯುವುದು Private ಎಂದು ಗುರುತು ಹಾಕಿದ್ದನ್ನು ಮಾತ್ರ. ಹೊರಗಿನಿಂದ ಬರುವ ಪತ್ರಕ್ಕೆ ಆ ಗುರುತು ಹಾಕಬೇಕಾದವರು ಕಳಿಸುವವರು. ಆಸ್ಪತ್ರೆಯಾಗಲಿ ವಕೀಲರಾಗಲಿ ನಿಮ್ಮ ತಂಗಿಯಾಗಲಿ ಹಾಗೆ ಗುರುತು ಹಾಕಿ ಕಳಿಸುವುದು ಅಪರೂಪ. ಗುರುತು ಇದ್ದರೂ, ಫೋಲ್ಡರನ್ನು ಓದುವ ಅನುಮತಿ ಇದ್ದವರು ಬೇರೊಂದು ಮೇಲ್ ತಂತ್ರಾಂಶದ ಮೂಲಕ ಅದನ್ನು ನೋಡಿಬಿಡುವ ಸಾಧ್ಯತೆ ಇದೆ. ಈ ಗುರುತನ್ನು ನೆಚ್ಚಬೇಡಿ, ಓದಬಾರದವರಿಗೆ ಆ ಫೋಲ್ಡರಿನ ಓದುವ ಅನುಮತಿಯನ್ನೇ ಕೊಡಬೇಡಿ ಎಂದು ಮೈಕ್ರೋಸಾಫ್ಟ್ ತಾನೇ ಎಚ್ಚರಿಸುತ್ತದೆ.

ಆದ್ದರಿಂದ ಇಲ್ಲಿಯೂ ಅದೇ ಸೂತ್ರ. ಇನ್‌ಬಾಕ್ಸನ್ನು ಮುಚ್ಚಿಯೇ ಇಟ್ಟು, ಅದರ ಹೊರಗೆ ಮೇಲ್‌ಬಾಕ್ಸಿನ ಮೊದಲ ಮಟ್ಟದಲ್ಲಿ 'ಕಚೇರಿ' ಎಂಬ ಫೋಲ್ಡರ್ ಮಾಡಬೇಕು. ಕೆಲಸದ ಪತ್ರಗಳು ಅಲ್ಲಿಗೆ ಹೋಗುವಂತೆ ನಿಯಮ ಬರೆದು, ಸಹಾಯಕರಿಗೆ ಆ ಫೋಲ್ಡರಿನ ಮೇಲೆ ಮಾತ್ರ ಅನುಮತಿ ಕೊಡಬೇಕು. ಅದು ಅವರ ಪರದೆಯ ಪಟ್ಟಿಯಲ್ಲಿ ಕಾಣಬೇಕಾದರೆ ಮೇಲ್‌ಬಾಕ್ಸಿನ ಮೇಲ್ಮಟ್ಟಕ್ಕೆ Folder visible ಎಂಬ ಅನುಮತಿಯೂ ಬೇಕು. ಅದರಿಂದ ಯಾವ ಪತ್ರವೂ ಓದಲು ಸಿಗದು. ಇದನ್ನು ಬಿಟ್ಟು ಇನ್‌ಬಾಕ್ಸನ್ನೇ ತೆರೆದುಕೊಟ್ಟು, ಆಮೇಲೆ ಅದರೊಳಗೆ 'ಖಾಸಗಿ' ಎಂಬ ಹೊಸ ಫೋಲ್ಡರ್ ಮಾಡಿದರೆ ಮೋಸಹೋಗುತ್ತೀರಿ. ಹೊಸ ಫೋಲ್ಡರ್ ಹುಟ್ಟುವಾಗ ತಾಯಿ ಫೋಲ್ಡರಿನ ಅನುಮತಿಗಳನ್ನೇ ಪಡೆದುಕೊಂಡು ಬರುತ್ತದೆ. ಐಟಿ ವಿಭಾಗದವರು Full Access ಕೊಟ್ಟಿದ್ದರಂತೂ ಈ ಫೋಲ್ಡರ್ ಮಟ್ಟದ ಬೇಲಿಗಳಿಗೆ ಬೆಲೆಯೇ ಇಲ್ಲ, ಇಡೀ ಮೇಲ್‌ಬಾಕ್ಸ್ ತೆರೆದಿರುತ್ತದೆ. ಯಾವುದನ್ನು ಕೊಟ್ಟಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಉತ್ತರ ಯಾರ ಹೆಸರಿನಲ್ಲಿ ಹೋಗುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಔಟ್‌ಲುಕ್‌ನ Send on behalf ಅನುಮತಿಯಲ್ಲಿ ಇಂಥವರ ಪರವಾಗಿ ಇಂಥವರು ಬರೆದಿದ್ದಾರೆ ಎಂದು ಓದುವವರಿಗೆ ಕಾಣುತ್ತದೆ. Send As ಆದರೆ ನೀವೇ ಬರೆದಂತೆ ಕಾಣುತ್ತದೆ. ಜಿಮೇಲ್‌ನಲ್ಲೂ ಕಳಿಸಿದವರ ವಿಳಾಸವನ್ನು ತೋರಿಸುವ ಅಥವಾ ತೋರಿಸದಿರುವ ಆಯ್ಕೆಯಿದೆ. ತೋರಿಸುವುದೇ ಸರಿ. ಕಕ್ಷಿದಾರರು ತಮ್ಮ ಸಾಲ, ಆಸ್ತಿ, ಮನೆಯ ವ್ಯಾಜ್ಯಗಳ ವಿಷಯ ಬರೆಯುವಾಗ ಅದನ್ನು ಓದುವವರು ಯಾರೆಂದು ತಿಳಿಯುವ ಹಕ್ಕು ಅವರಿಗಿದೆ. ಸಹಾಯಕಿಯ ಪಾಲಿಗೂ ಅದು ರಕ್ಷಣೆ, ತಾವು ಬರೆಯದ ಉತ್ತರದ ಹೊಣೆ ತಮ್ಮ ತಲೆಗೆ ಬರುವುದಿಲ್ಲ.

ಎಲ್ಲ ಆದ ಮೇಲೆ ಪರೀಕ್ಷಿಸಿ ನೋಡಬೇಕು. ಬೇರೊಂದು ಖಾತೆಯಿಂದ ಹಳೆಯ ವಿಳಾಸಕ್ಕೊಂದು ಖಾಸಗಿ ಪತ್ರ ಕಳಿಸಿ. ಪಟ್ಟಿಯಲ್ಲಿರುವ ಒಬ್ಬ ಕಕ್ಷಿದಾರರಿಗೆ ಹೇಳಿ ಅವರಿಂದಲೂ ಒಂದು ಪತ್ರ ಬರುವಂತೆ ಮಾಡಿ. ಆಮೇಲೆ ಸಹಾಯಕಿಯ ಕಂಪ್ಯೂಟರಿನ ಮುಂದೆ ಅವರ ಜೊತೆ ಕೂತು, ಖಾಸಗಿ ಪತ್ರದಲ್ಲಿದ್ದ ಒಂದು ಪದವನ್ನು ಹುಡುಕಲು ಹೇಳಿ. ಅದು ಸಿಗಬಾರದು, ಕಕ್ಷಿದಾರರದು ಸಿಗಬೇಕು. ಈ ಪರೀಕ್ಷೆ ಅವರ ಮೇಲಿನ ಅನುಮಾನದಿಂದಲ್ಲ ಎಂದು ಬಾಯಿಬಿಟ್ಟು ಹೇಳಿ.

ಕೊನೆಯದಾಗಿ, ಸಹಾಯಕಿ ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಡೆಲಿಗೇಟ್ ಒಳಬರುವುದು ತಮ್ಮ ಪಾಸ್‌ವರ್ಡಿನಿಂದ, ನಿಮ್ಮದನ್ನು ಬದಲಿಸಿದರೂ ಅವರ ಪ್ರವೇಶ ಹಾಗೆಯೇ ಉಳಿಯುತ್ತದೆ. ಪಟ್ಟಿಯಿಂದ ಅವರ ಹೆಸರನ್ನೇ ತೆಗೆಯಬೇಕು. ನೀವು ಇದುವರೆಗೆ ಯಾರಿಗೂ ಡೆಲಿಗೇಷನ್ ಕೊಟ್ಟಿಲ್ಲವಾದರೂ ಇಂದು ಒಮ್ಮೆ Grant access to your account ಎಂಬ ಆ ಸಾಲನ್ನು ತೆರೆದು ನೋಡಿ. ಖಾತೆಗೆ ಕನ್ನ ಹಾಕಿದವರು ತಮ್ಮ ವಿಳಾಸವನ್ನು ಅಲ್ಲಿ ಸೇರಿಸಿಟ್ಟು ಹೋಗುವುದುಂಟು. ಗುರುತಿಲ್ಲದ ಹೆಸರು ಕಂಡರೆ ಮೊದಲು ಅದನ್ನು ಅಳಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ.