ಒಂದು ನಕ್ಷೆ, ಮೂರು ಉಪಯೋಗ: ಎಸ್‌ವಿಜಿಯೋ, ಪಿಎನ್‌ಜಿಯೋ?

ಶ್ರೀನಿವಾಸಪುರದ ಮಾವಿನ ತಿರುಳು ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಣ್ಣಿನ ಸ್ವೀಕಾರದಿಂದ ಡಬ್ಬಿ ತುಂಬುವವರೆಗಿನ ಹಂತಗಳ ನಕ್ಷೆಯನ್ನು draw.io ತಂತ್ರಾಂಶದಲ್ಲಿ ರಚಿಸಲಾಗಿದೆ. ಅದು ಬ್ಯಾಂಕಿನ ಯೋಜನಾ ವರದಿಗೆ ಬೇಕು. ಕಾರ್ಖಾನೆಯ ಗೋಡೆಗೆ 6 ಅಡಿ ಅಗಲದ ಫಲಕವಾಗಿಯೂ ಬೇಕು. ಮುಂದಿನ ಹಂಗಾಮಿನಲ್ಲಿ ಒಂದು ಹಂತ ಬದಲಾದರೆ ತಿದ್ದುವಂತೆಯೂ ಇರಬೇಕು. ಇವುಗಳಿಗೆಲ್ಲ ಒಂದೇ ಕಡತ ಸಾಲದು.

ಪಿಎನ್‌ಜಿ ಎಂಬುದು ಬಣ್ಣದ ಬಿಂದುಗಳ ಹಾಸು. ವರದಿಯಲ್ಲಿ ನಕ್ಷೆ 6 ಅಂಗುಲ ಅಗಲವಿದ್ದರೆ 1,800 ಬಿಂದುಗಳು ಸಾಕು. ಅಂಗುಲಕ್ಕೆ 300 ಬಿಂದುಗಳಾಗಿ ಮುದ್ರಣ ಸ್ಪಷ್ಟವಾಗಿರುತ್ತದೆ. ಅದೇ ಕಡತವನ್ನು 72 ಅಂಗುಲದ ಫಲಕಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಉಳಿಯುವುದು 25 ಮಾತ್ರ. ಹತ್ತಿರದಿಂದ ಓದುವ ಕಾರ್ಮಿಕನಿಗೆ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಂಗುಲಕ್ಕೆ 100 ಬೇಕೆಂದರೆ ಅಗಲ 7,200 ಬಿಂದುಗಳಾಗಬೇಕು. ಅಗಲ ನಾಲ್ಕು ಪಟ್ಟಾದರೆ ಒಟ್ಟು ಬಿಂದುಗಳು ಹದಿನಾರು ಪಟ್ಟು. ಸಾದಾ ಬಣ್ಣದ ನಕ್ಷೆಯನ್ನು ಪಿಎನ್‌ಜಿ ಚೆನ್ನಾಗಿ ಸಂಕುಚಿಸುವುದರಿಂದ ಕಡತ ಅಷ್ಟೇ ಪ್ರಮಾಣದಲ್ಲಿ ಬೆಳೆಯದಿದ್ದರೂ ಬೆಳೆಯುವುದಂತೂ ನಿಶ್ಚಿತ.

ಎಸ್‌ವಿಜಿ ಬಿಂದುಗಳನ್ನಲ್ಲ, ಚೌಕ, ಗೆರೆ ಹಾಗೂ ಬರಹಗಳ ವಿವರಣೆಯನ್ನು ಉಳಿಸುತ್ತದೆ. ಆದ್ದರಿಂದ ವರದಿಗೂ ಫಲಕಕ್ಕೂ ಅದೇ ಕಡತ, ಅದೇ ಗಾತ್ರ. ಆದರೆ ಮಾಲೂರಿನ ಹೆಂಚು ತಯಾರಕರೊಬ್ಬರು ಕೈಬರಹದ ನಕ್ಷೆಯನ್ನು ಸ್ಕ್ಯಾನ್ ಮಾಡಿ ಎಸ್‌ವಿಜಿಯೊಳಗೆ ಸೇರಿಸಿದರೆ ಈ ಲಾಭ ದೊರೆಯದು. ಒಳಗಿರುವುದು ಬಿಂದುಚಿತ್ರವೇ ಆಗಿರುವುದರಿಂದ ಹಿಗ್ಗಿಸಿದಾಗ ಅದು ಮಸುಕಾಗುತ್ತದೆ, ಕಡತವೂ ದೊಡ್ಡದಾಗುತ್ತದೆ.

ಎಸ್‌ವಿಜಿಯಲ್ಲಿ ಎಡವುವುದು ಸಾಮಾನ್ಯವಾಗಿ ಬರಹದ ವಿಷಯದಲ್ಲಿ. ಕಡತದಲ್ಲಿ ಸಾಮಾನ್ಯವಾಗಿ ಫಾಂಟಿನ ಹೆಸರು ಮಾತ್ರ ಇರುತ್ತದೆ. ಕೋಲಾರದ ಮುದ್ರಣಾಲಯದ ಗಣಕದಲ್ಲಿ ಆ ಕನ್ನಡ ಫಾಂಟು ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಪದಗಳು ಚೌಕದಾಚೆಗೆ ಚಾಚಬಹುದು, ಒತ್ತಕ್ಷರಗಳು ಕೆಡಬಹುದು. draw.io ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದಾಗ `Text is not SVG - cannot display` ಎಂದು ಕಂಡರೆ ಕಾರಣ ಬೇರೆ: ಬರಹ ಜಾಲಪುಟದ ರೂಪದಲ್ಲಿ ಉಳಿದಿದೆ. ಮೂಲ ನಕ್ಷೆಯಲ್ಲಿ ಬರಹಗಳನ್ನು ಆಯ್ದು `Word Wrap` ಮತ್ತು `Formatted Text` ಎರಡನ್ನೂ ತೆಗೆದು ಮತ್ತೆ ರಫ್ತು ಮಾಡಬೇಕು.

ಫಾಂಟಿನ ತೊಂದರೆಗೆ ಪರಿಹಾರವೆಂದರೆ ಇಂಕ್‌ಸ್ಕೇಪ್‌ನಲ್ಲಿ ಬರಹವನ್ನು ಆಯ್ದು `Path > Object to Path` ಮೂಲಕ ಗೆರೆಗಳಾಗಿ ಪರಿವರ್ತಿಸುವುದು. ಆಮೇಲೆ ಯಾವ ಗಣಕದಲ್ಲೂ ಅಕ್ಷರ ಬದಲಾಗದು. ಆದರೆ ಅದನ್ನು ಬರಹವಾಗಿ ತಿದ್ದಲೂ ಆಗದು. ಹಾಗಾಗಿ ಪರಿವರ್ತನೆಯನ್ನು ಪ್ರತಿಯ ಮೇಲೆ ಮಾತ್ರ ಮಾಡತಕ್ಕದ್ದು.

ಒಟ್ಟಿನಲ್ಲಿ ಈ ಘಟಕ ಮೂರು ಕಡತಗಳನ್ನು ಇಡಬೇಕು: ತಿದ್ದಲು `.drawio` ಮೂಲ, ಫಲಕಕ್ಕೆ ಗೆರೆಗಳಾಗಿಸಿದ ಎಸ್‌ವಿಜಿ, ವರದಿಗೆ 1,800 ಬಿಂದುಗಳ ಪಿಎನ್‌ಜಿ. ಹಂತವೊಂದು ಬದಲಾದಾಗ ಮೂಲವನ್ನಷ್ಟೇ ತಿದ್ದಿ, ಉಳಿದೆರಡನ್ನು ಹೊಸದಾಗಿ ತೆಗೆಯಬೇಕು. ಬರೀ ಪಿಎನ್‌ಜಿ ಉಳಿಸಿಕೊಂಡವರು ಒಂದು ಪದಕ್ಕಾಗಿ ಇಡೀ ನಕ್ಷೆಯನ್ನು ಮತ್ತೆ ಬರೆಸಿ ಹಣ ತೆರಬೇಕಾದೀತು.