ಹಸಿರು ಇಳಿದ ದಿನವೇ ಕೊಯ್ಲಿನ ದಿನವಲ್ಲ

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಇಲ್ಲಿನ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಮಸಾರಿ ಹೊಲದಲ್ಲಿ ಶೇಂಗಾ, ಮೆಕ್ಕೆಜೋಳ, ಎರೆ ಹೊಲದಲ್ಲಿ ಹಿಂಗಾರು ಜೋಳ, ನೀರಿರುವ ಕಡೆ ಭತ್ತ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಈ ಹೊಲಗಳನ್ನು ಸುಮಾರು 5 ದಿನಕ್ಕೊಮ್ಮೆ ಚಿತ್ರಿಸುತ್ತವೆ. ಆ ಚಿತ್ರಗಳು ಯಾರಿಗೆ ಬೇಕಾದರೂ ಉಚಿತ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಚೆಲ್ಲುತ್ತದೆ. ಇವೆರಡರ ಲೆಕ್ಕದಿಂದ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ ಸಿಗುತ್ತದೆ:

```
NDVI = (B8 - B4) / (B8 + B4)
```

ಇಲ್ಲಿ B8 ಅವಕೆಂಪು, B4 ಕೆಂಪು. ಒಣಗಿದ ಮಸಾರಿ ನೆಲಕ್ಕೆ ಈ ಬೆಲೆ 0.2ರ ಆಸುಪಾಸು, ದಟ್ಟ ಬೆಳೆಗೆ 0.7 ದಾಟುತ್ತದೆ. ದಿನಾಂಕದ ಎದುರು ಬೆಲೆಗಳನ್ನು ಗುರುತಿಸುತ್ತ ಹೋದರೆ ಬೆಳೆಯ ಏರಿಳಿತದ ರೇಖೆ ಮೂಡುತ್ತದೆ. ರೇಖೆ ಬರೆಯುವುದು ಸುಲಭ, ಓದುವಾಗಲೇ ಎಡವುವುದು.

ತಪ್ಪು ಕಲ್ಪನೆ: ರೇಖೆ ಎಲ್ಲಿ ಕೆಳಗಿಳಿಯುತ್ತದೋ ಅಲ್ಲೇ ಕೊಯ್ಲು.

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಕೊಟ್ಟೂರು ಸೀಮೆಯ ಮಳೆಯಾಶ್ರಿತ ಮೆಕ್ಕೆಜೋಳದ ಹೊಲವೊಂದನ್ನು ತೆಗೆದುಕೊಳ್ಳೋಣ. ವಿವರಿಸುವುದಕ್ಕೆಂದು ಕಟ್ಟಿದ ಲೆಕ್ಕವಿದು, ಆದರೆ ಇಂಥ ಹೊಲದ ರೇಖೆ ಸಾಗುವುದು ಹೀಗೆಯೇ. ಜುಲೈ 5ಕ್ಕೆ 0.18, ಅಂದರೆ ಬಿತ್ತಿದ್ದರೂ ಉಪಗ್ರಹಕ್ಕೆ ಬರೀ ಮಣ್ಣು. ಆಗಸ್ಟ್ 4ಕ್ಕೆ 0.48, ಆಗಸ್ಟ್ 24ಕ್ಕೆ 0.76. ಸೆಪ್ಟೆಂಬರ್ 8ಕ್ಕೆ ಒಮ್ಮೆಲೇ 0.31. ಸೆಪ್ಟೆಂಬರ್ 18ಕ್ಕೆ ಮತ್ತೆ 0.74. ಅಕ್ಟೋಬರ್ 8ಕ್ಕೆ 0.52, 23ಕ್ಕೆ 0.34. ನವೆಂಬರ್ 7ಕ್ಕೆ 0.27, 22ಕ್ಕೆ 0.25.

ಸೆಪ್ಟೆಂಬರ್ 8ರ ಕುಸಿತವನ್ನು ಮೊದಲು ನೋಡಿ. ಕೊಯ್ದ ಬೆಳೆ ಹತ್ತು ದಿನದಲ್ಲಿ ಮತ್ತೆ 0.74ಕ್ಕೆ ಏರಲಾರದು. ಅದು ತೆಳು ಮೋಡವೋ ಮೋಡದ ನೆರಳೋ ಆಗಿರಬೇಕು. ಚಿತ್ರದ ಜೊತೆಗೇ ಬರುವ ವರ್ಗೀಕರಣ ಪದರದಲ್ಲಿ ಮೋಡ, ನೆರಳುಗಳನ್ನು ಗುರುತು ಮಾಡಿರುತ್ತಾರೆ, ಆದರೂ ಅಂಚಿನವು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಇಳಿದು ತಕ್ಷಣ ಚೇತರಿಸಿಕೊಂಡರೆ ಅದು ಆಕಾಶದ ದೋಷ, ಇಳಿದು ಅಲ್ಲೇ ನಿಂತರೆ ಮಾತ್ರ ಹೊಲದ ಸುದ್ದಿ. ಮುಂಗಾರಿನ ತಿಂಗಳುಗಳಲ್ಲಿ ಈ ಪರೀಕ್ಷೆ ಮಾಡದೆ ಯಾವ ಕುಸಿತವನ್ನೂ ನಂಬಬಾರದು.

ಇನ್ನು ಅಕ್ಟೋಬರಿನ ಇಳಿತ. ಅದು ನಿಜವಾದದ್ದೇ, ಆದರೆ ಕೊಯ್ಲಲ್ಲ. ಕಾಳು ಗಟ್ಟಿಯಾಗುತ್ತಿದ್ದಂತೆ ಎಲೆ ಹಳದಿಯಾಗಿ ರವದಿಯಾಗುತ್ತದೆ, ತೆನೆ ಮಾತ್ರ ದಂಟಿನ ಮೇಲೇ ಒಣಗುತ್ತಿರುತ್ತದೆ. ಮಳೆ ಹಿಡಿದರೆ, ಆಳು ಸಿಗದಿದ್ದರೆ, ಯಂತ್ರದ ಸರದಿ ಬಾರದಿದ್ದರೆ ರೈತ ಇನ್ನಷ್ಟು ದಿನ ಹಾಗೇ ಬಿಡುತ್ತಾನೆ. ತೆನೆ ಮುರಿಯುವ ದಿನ ಹೊಲದಲ್ಲಿ ಹಸಿರು ಉಳಿದೇ ಇರುವುದಿಲ್ಲ. ಇಲ್ಲದ ಹಸಿರು ಇಳಿಯುವುದೆಲ್ಲಿಂದ? ನಮ್ಮ ರೇಖೆಯಲ್ಲಿ ಅಕ್ಟೋಬರ್ 23ರಿಂದ ನವೆಂಬರ್ 22ರ ನಡುವೆ ಕೊಯ್ಲು ಯಾವ ದಿನ ಆಗಿದ್ದರೂ ಅಂಕಿಗಳು ಇಷ್ಟೇ ಇರುತ್ತಿದ್ದವು.

ಪಕ್ಕದ ಶೇಂಗಾ ಹೊಲದ ಕಥೆಯೇ ಬೇರೆ. ಕಾಯಿ ಬಲಿತರೂ ಬಳ್ಳಿಯಲ್ಲಿ ಸಾಕಷ್ಟು ಹಸಿರಿರುವಾಗಲೇ ಕೀಳುತ್ತಾರೆ. ತಡಮಾಡಿದರೆ ಕಾಯಿ ಮಣ್ಣಲ್ಲೇ ಕಳಚಿಕೊಳ್ಳುತ್ತದೆ, ಇಲ್ಲವೇ ಮೊಳೆಯುತ್ತದೆ. ಹೀಗಾಗಿ ಅಕ್ಟೋಬರ್ 8ಕ್ಕೆ 0.61 ಇದ್ದದ್ದು 13ಕ್ಕೆ 0.22 ಆಗಿ ಅಲ್ಲೇ ನಿಲ್ಲುತ್ತದೆ. ಇಲ್ಲಿ ಕೊಯ್ಲು ಆ ಐದು ದಿನದೊಳಗೇ ಆಗಿದೆಯೆಂದು ಧೈರ್ಯವಾಗಿ ಹೇಳಬಹುದು. ಆದರೆ ಇದೇ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲುಗಳಿದ್ದರೆ ಶೇಂಗಾ ಕಿತ್ತ ಮೇಲೂ ತೊಗರಿ ಹಸಿರಾಗಿ ನಿಂತು ಕುಸಿತವನ್ನು ಅರ್ಧಕ್ಕೆ ತಡೆಯುತ್ತದೆ. ಹತ್ತಿಯಲ್ಲಂತೂ ಹಲವು ಬಾರಿ ಬಿಡಿಸುವುದರಿಂದ ಒಂದೇ ಕೊಯ್ಲಿನ ದಿನವೆಂಬುದೇ ಇಲ್ಲ. ಆದ್ದರಿಂದ ಬೆಳೆ ಯಾವುದೆಂದು ತಿಳಿಯದೆ ಕೊಯ್ಲು ಹುಡುಕುವುದು ವ್ಯರ್ಥ. ರೈತರು ಆ್ಯಪ್‌ನಲ್ಲಿ ಫೋಟೊ ಸಹಿತ ದಾಖಲಿಸುವ ಬೆಳೆ ಸಮೀಕ್ಷೆ ಈ ಕೆಲಸಕ್ಕೆ ಒಳ್ಳೆಯ ಆಧಾರ.

ತಪ್ಪು ಕಲ್ಪನೆ: ತಂತ್ರಾಂಶ ಕೊಡುವ ‘ಹಂಗಾಮಿನ ಕೊನೆ’ ಅಳೆದು ಕಂಡುಕೊಂಡ ದಿನ.

ಅದು ನಾವು ಆರಿಸಿದ ಮಿತಿಯಿಂದ ಹುಟ್ಟುವ ದಿನ. ಮೇಲಿನ ಮೆಕ್ಕೆಜೋಳದಲ್ಲಿ ಕನಿಷ್ಠ 0.18, ಗರಿಷ್ಠ 0.76, ಅಂತರ 0.58. ಅಂತರದ ಅರ್ಧಕ್ಕೆ ಇಳಿದಾಗ ಹಂಗಾಮು ಮುಗಿಯಿತೆಂದರೆ ಮಿತಿ 0.47, ರೇಖೆ ಅದನ್ನು ದಾಟುವುದು ಅಕ್ಟೋಬರ್ 12ರ ಸುಮಾರಿಗೆ. ಶೇ 20ಕ್ಕೆ ಇಳಿದಾಗ ಎಂದರೆ ಮಿತಿ ಸುಮಾರು 0.30, ದಿನ ನವೆಂಬರ್ 1ರ ಸುಮಾರು. ಹೊಲ ಒಂದೇ, ಅಂಕಿ ಅವೇ, ಇಪ್ಪತ್ತು ದಿನ ವ್ಯತ್ಯಾಸ. ಕೊಯ್ಲಿಗೆ ಮುಂಚೆ ಬೆಳೆ ಕಟಾವು ಪ್ರಯೋಗ ಮುಗಿಸಬೇಕಾದವರಿಗೆ ಈ ಇಪ್ಪತ್ತು ದಿನ ಸಣ್ಣದಲ್ಲ. ಮಿತಿ ಎಷ್ಟೆಂದು ಬರೆಯದ ನಕ್ಷೆಯನ್ನು ನಾನು ನಂಬುವುದಿಲ್ಲ.

ರೇಖೆಯನ್ನು ನುಣುಪು ಮಾಡುವ ಸವಿಟ್ಸ್ಕಿ-ಗೋಲೆಯಂಥ ವಿಧಾನಗಳೂ ಹೀಗೆಯೇ. ಮೆಕ್ಕೆಜೋಳದ ನಿಧಾನ ಇಳಿತಕ್ಕೆ ಅವು ಸರಿ. ಶೇಂಗಾದ ಕಡಿದಾದ ಬೀಳನ್ನು ಮಾತ್ರ ಇಳಿಜಾರಾಗಿ ಮಾಡಿ ದಿನವನ್ನು ಆಚೀಚೆ ಸರಿಸುತ್ತವೆ. ಶೇಂಗಾ ಹೊಲಕ್ಕೆ ಮೋಡ ತೆಗೆದ ಮೂಲ ಬೆಲೆಗಳನ್ನೇ ನೋಡಬೇಕು.

ತಪ್ಪು ಕಲ್ಪನೆ: ಜನವರಿಯಿಂದ ಡಿಸೆಂಬರ್‌ವರೆಗಿನ ಚಿತ್ರಗಳಿದ್ದರೆ ವರ್ಷ ಪೂರ್ತಿಯಾಯಿತು.

ಎರೆ ಹೊಲದ ಹಿಂಗಾರು ಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿ ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಕೊಯ್ಯುತ್ತಾರೆ. ಡಿಸೆಂಬರ್ 31ಕ್ಕೆ ಸರಣಿ ಕತ್ತರಿಸಿದರೆ ಬೆಳೆಯ ಏರಿಕೆ ಒಂದು ಕಡತದಲ್ಲಿ, ಇಳಿತ ಇನ್ನೊಂದರಲ್ಲಿ ಉಳಿದು ಕೊಯ್ಲೇ ಕಳೆದುಹೋಗುತ್ತದೆ. ಇಲ್ಲಿಗೆ ಜೂನ್‌ನಿಂದ ಮೇವರೆಗಿನ ಸರಣಿ ಸರಿಹೊಂದುತ್ತದೆ.

ತಪ್ಪು ಕಲ್ಪನೆ: ಒಂದು ಎಕರೆಯ ಹೊಲವನ್ನೂ ಉಪಗ್ರಹ ಪೂರ್ತಿಯಾಗಿ ನೋಡುತ್ತದೆ.

ಸೆಂಟಿನೆಲ್-2 ಚಿತ್ರದ 10 ಮೀಟರಿನ ಚೌಕಗಳು ಒಂದು ಎಕರೆಯಲ್ಲಿ ಸುಮಾರು 40. ಅಂಚಿನವುಗಳಲ್ಲಿ ಬದುವಿನ ಜಾಲಿ, ಬೇವು, ನೆರೆಯ ಹೊಲದ ಬೆಳೆ ಬೆರೆತಿರುತ್ತವೆ. ಹೊಲ ಚೌಕಾಕಾರವಾಗಿದ್ದರೂ ಅಂಚು ಬಿಟ್ಟರೆ ಉಳಿಯುವುದು ಹದಿನಾರರಷ್ಟೇ, ಉದ್ದನೆಯ ಪಟ್ಟಿಯಾದರೆ ಇನ್ನೂ ಕಡಿಮೆ. ಬದುವಿನ ಮರ ಬೆರೆತ ಚೌಕದಲ್ಲಿ ಕೊಯ್ಲಾದ ಮೇಲೂ ಹಸಿರು ಉಳಿಯುತ್ತದೆ.

ಒಣಗಿ ನಿಂತ ಮೆಕ್ಕೆಜೋಳದ ಕೊಯ್ಲನ್ನು ಗುರುತಿಸಲು ದಾರಿಯೇ ಇಲ್ಲವೆಂದಲ್ಲ. ಮೋಡದಾಚೆಯಿಂದಲೂ ನೋಡಬಲ್ಲ ಸೆಂಟಿನೆಲ್-1 ರೇಡಾರ್ ಗಿಡದ ಆಕಾರ ಮತ್ತು ತೇವಕ್ಕೆ ಸ್ಪಂದಿಸುತ್ತದೆ. ಅದರ ಸಂಕೇತ ಕುಸಿದರೆ ದಂಟು ನೆಲದಿಂದ ಹೋಗಿದೆ ಎಂದು ಊಹಿಸಬಹುದು. ಆದರೆ ತೆನೆಯನ್ನು ಮಾತ್ರ ಮುರಿದು ದಂಟನ್ನು ಮೇವಿಗೆಂದು ನಿಲ್ಲಿಸಿದರೆ ರೇಡಾರಿಗೂ ಅದು ತಿಳಿಯುವುದು ಕಷ್ಟ, ಮಳೆ ಬಿದ್ದು ಮಣ್ಣು ನೆನೆದರೂ ಸಂಕೇತ ಬದಲಾಗುತ್ತದೆ.

ಹಾಗಾಗಿ ಈ ತಾಲ್ಲೂಕುಗಳ ನಕ್ಷೆ ಮಾಡುವವರಲ್ಲಿ ಒಂದು ವಿನಂತಿ: ಕೊಯ್ಲಿನ ಕಾಲಂನಲ್ಲಿ ಒಂದು ದಿನಾಂಕದ ಬದಲು ಎರಡನ್ನು ಬರೆಯಿರಿ. ಬೆಳೆ ಖಚಿತವಾಗಿ ನಿಂತಿದ್ದ ಕೊನೆಯ ಚಿತ್ರದ್ದು ಒಂದು, ಹೊಲ ಖಚಿತವಾಗಿ ಖಾಲಿಯಾಗಿದ್ದ ಮೊದಲ ಚಿತ್ರದ್ದು ಇನ್ನೊಂದು. ಶೇಂಗಾಕ್ಕೆ ಆ ಅಂತರ ಐದು ದಿನ ಇರಬಹುದು, ಮೆಕ್ಕೆಜೋಳಕ್ಕೆ ಒಂದು ತಿಂಗಳಾದರೂ ಅದನ್ನು ಹಾಗೆಯೇ ಬರೆಯಿರಿ.