ಲೇಬಲ್ ಹೇಳಿದ್ದು 2200, ಗಡಿಯಾರ ಹೇಳಿದ್ದು 1420

ತಣಿಸಂದ್ರಕ್ಕೆ ಅಂಟಿಕೊಂಡಂತಿರುವ ಮಾನ್ಯತಾ ಟೆಕ್ ಪಾರ್ಕಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಲ್ಯಾಪ್‌ಟಾಪುಗಳನ್ನು ಬದಲಿಸುತ್ತವೆ. ಹಳೆಯದರ ಬ್ಯಾಟರಿ ಗುಜರಿಗೆ ಹೋಗುತ್ತದೆ. ಹಳೆಯ ಮಾದರಿಯದಾದರೆ ಅದರ ಪ್ಲಾಸ್ಟಿಕ್ ಕವಚದೊಳಗೆ ಆರೋ ಎಂಟೋ ಉರುಟು ಸೆಲ್‌ಗಳಿರುತ್ತವೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಇವಕ್ಕೆ ಎಸ್.ಪಿ. ರೋಡಿನಲ್ಲಿ 18650 ಎಂದರೆ ಸಾಕು, ಅಂಗಡಿಯವರು ಕೈಗೆ ಕೊಡುತ್ತಾರೆ. ‘ಬ್ಯಾಟರಿ ಸತ್ತಿದೆ’ ಎಂದು ಎಸೆದ ಪ್ಯಾಕಿನೊಳಗಿನ ಸೆಲ್‌ಗಳೆಲ್ಲ ನಿಜಕ್ಕೂ ಸತ್ತಿವೆಯೇ?

2014ರಲ್ಲಿ ಐಬಿಎಂನ ಭಾರತದ ಸಂಶೋಧಕರು ಕೇಳಿದ್ದೂ ಇದನ್ನೇ. ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಅಳೆದು ನೋಡಿದಾಗ, ನೂರಕ್ಕೆ ಕನಿಷ್ಠ 70ರಲ್ಲಿ ದಿನಕ್ಕೆ ನಾಲ್ಕು ಗಂಟೆಯಂತೆ ಒಂದು ವರ್ಷ ಎಲ್‌ಇಡಿ ದೀಪ ಉರಿಸುವಷ್ಟು ಕಸುವು ಉಳಿದಿತ್ತು. ಅಂಥ ಸೆಲ್‌ಗಳನ್ನು ಆರಿಸಿ ‘ಉರ್ಜಾರ್’ ಎಂಬ ಪುಟ್ಟ ಪೆಟ್ಟಿಗೆ ಮಾಡಿ, ಬೆಂಗಳೂರಿನಲ್ಲಿ ಕರೆಂಟಿಲ್ಲದೆ ಬದುಕುವ ಕೆಲವರಿಗೆ ಬಳಸಲು ಕೊಟ್ಟರು. ಒಂದು ಪೆಟ್ಟಿಗೆಯ ಖರ್ಚು ಸುಮಾರು 600 ರೂಪಾಯಿ. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಬಂಧವೂ ಮಂಡನೆಯಾಯಿತು. ಪತ್ರಿಕೆಗಳು ದೀಪದ ಸುದ್ದಿ ಬರೆದವು. ನನಗೆ ಕುತೂಹಲವಿರುವುದು ದೀಪಕ್ಕೂ ಮುಂಚಿನ ಹೆಜ್ಜೆಯಲ್ಲಿ: ಯಾವ ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ?

ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿದರೆ ಗೊತ್ತಾಗುವುದಿಲ್ಲ. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ ಹೊಸದಾದರೂ 4.2 ವೋಲ್ಟ್, ಮುದಿಯಾದರೂ ಹೆಚ್ಚುಕಡಿಮೆ ಅಷ್ಟೇ. ಹೂಳು ತುಂಬಿದ ಕೆರೆಯಲ್ಲೂ ಮಳೆಗಾಲದಲ್ಲಿ ನೀರು ಕೋಡಿ ಮಟ್ಟಕ್ಕೆ ಬಂದಿರುತ್ತದಲ್ಲ, ಹಾಗೆ. ಒಳಗೆ ಎಷ್ಟಿದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಖಾಲಿ ಮಾಡಿಯೇ ನೋಡಬೇಕು, ಹೊರಗೆ ಹರಿದದ್ದಕ್ಕೆ ಲೆಕ್ಕ ಇಡಬೇಕು.

ಈ ಲೆಕ್ಕದ ಚರಿತ್ರೆ ಸೀಸದ ಬ್ಯಾಟರಿಯಿಂದ ಶುರುವಾಗುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೀಸದ ಸೆಲ್ಲನ್ನು ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ. 1881ರಲ್ಲಿ ಕಮೀಲ್ ಫೋರ್ ಸೀಸದ ತಗಡಿಗೆ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಧಾರಣೆಯನ್ನು ಬಹಳ ಹೆಚ್ಚಿಸಿದ. ಅದೇ ವರ್ಷ ಮೇ ತಿಂಗಳಲ್ಲಿ ಚಾರ್ಜ್ ಆದ ಫೋರ್ ಸೆಲ್‌ಗಳ ಪೆಟ್ಟಿಗೆಯೊಂದು ಪ್ಯಾರಿಸ್ಸಿನಿಂದ ಗ್ಲಾಸ್ಗೋಗೆ, ವಿಲಿಯಂ ಥಾಮ್ಸನ್ ಅವರ ಪ್ರಯೋಗಾಲಯಕ್ಕೆ ಬಂತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು ಇವರೇ. ಒಂದು ಘನ ಅಡಿಯ ಆ ಪೆಟ್ಟಿಗೆಯೊಳಗೆ ಹತ್ತು ಲಕ್ಷ ಅಡಿ-ಪೌಂಡ್ ಶಕ್ತಿ ಇದೆಯೆಂದು ಲಂಡನ್ನಿನ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 377 ವ್ಯಾಟ್-ಗಂಟೆ, ಅಂದರೆ ಹೊಸ ಲ್ಯಾಪ್‌ಟಾಪ್ ಸೆಲ್ ಐವತ್ತೂ ಬೇಡ.

ಗುಲ್ಲಿನ ಹಿಂದೆಯೇ ಅಳತೆ ಬಂತು. ಪ್ಯಾರಿಸ್ಸಿನಲ್ಲಿ ಟ್ರೆಸ್ಕಾ ಮುಂತಾದ ವಿಜ್ಞಾನಿಗಳ ಸಮಿತಿ 1882ರ ಜನವರಿಯಲ್ಲಿ ಫೋರ್ ಬ್ಯಾಟರಿಯೊಂದನ್ನು ಚಾರ್ಜ್ ಮಾಡಿತು. ಆಮೇಲೆ ಅದನ್ನು ಮ್ಯಾಕ್ಸಿಮ್ ಎಂಬ ತಂತಿ ದೀಪಗಳ ಮೂಲಕ ಹತ್ತು ಗಂಟೆಗೂ ಹೆಚ್ಚು ಕಾಲ ಖಾಲಿ ಮಾಡಿ, ಹರಿದ ಕರೆಂಟನ್ನು ಹೊತ್ತಿನೊಂದಿಗೆ ಬರೆದುಕೊಂಡಿತು. ಒಳಗೆ ಹಾಕಿದ ವಿದ್ಯುದಂಶದಲ್ಲಿ ನೂರಕ್ಕೆ ಸುಮಾರು 90 ವಾಪಸು ಬಂತು. ಹಾಕಿದ ಶಕ್ತಿಯಲ್ಲಿ ಬಂದದ್ದು ಮಾತ್ರ ಸುಮಾರು 60. ಬ್ಯಾಟರಿ ಮಾರುವವರ ಬಾಯಿಮಾತಿಗೆ ಎದುರಾಗಿ ಸ್ವತಂತ್ರರು ಅಳೆದ ಅಂಕಿಯನ್ನು ಇಟ್ಟ ಮೊದಮೊದಲ ಪರೀಕ್ಷೆಗಳಲ್ಲಿ ಇದೂ ಒಂದು. ಕಾಲವೂ ಕೂಡಿಬಂದಿತ್ತು: ಅದರ ಹಿಂದಿನ ವರ್ಷವಷ್ಟೇ ಅದೇ ಊರಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಆಂಪಿಯರ್, ವೋಲ್ಟ್, ಓಮ್, ಕೂಲಂಬ್‌ಗಳನ್ನು ಒಪ್ಪಿಕೊಂಡಿತ್ತು.

ಆದರೆ ದೀಪ ಒಳ್ಳೆಯ ಅಳತೆಗೋಲಲ್ಲ. ಅದರ ತಂತಿ ಕಾದಂತೆ ರೋಧ ಬದಲಾಗುತ್ತದೆ. ಹಾಗಾಗಿ ಪ್ರತಿ ಗಳಿಗೆಯೂ ಕರೆಂಟನ್ನು ಬೇರೆಯಾಗಿ ಅಳೆಯುತ್ತಲೇ ಇರಬೇಕು. ರೋಧ ಬದಲಾಗದ ತಂತಿ ಸಿಕ್ಕರೆ ಈ ತಾಪತ್ರಯವಿಲ್ಲ: ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್ ಬಂತು, ಹೊತ್ತಿನಿಂದ ಗುಣಿಸಿದರೆ ಧಾರಣೆ ಬಂತು. ನಿಖರ ಓಮ್ ಸುರುಳಿಗಳನ್ನು ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವವರು 1860ರ ದಶಕದಲ್ಲೇ ಮಾಡಿಕೊಂಡಿದ್ದರು. ಬಿಸಿಗೂ ಜಗ್ಗದ ಮ್ಯಾಂಗನಿನ್ ಎಂಬ ಮಿಶ್ರಲೋಹವನ್ನು ಎಡ್ವರ್ಡ್ ವೆಸ್ಟನ್ ಆ ಶತಮಾನದ ಕೊನೆಗೆ ಕೊಟ್ಟ. ಟಾರ್ಚಿನ ಸೆಲ್ಲಿನ ಕಂಪನಿಗಳು ಇವತ್ತಿಗೂ ಇದೇ ದಾರಿಯಲ್ಲಿವೆ. ಎಎ ಅಳತೆಯ ಸೆಲ್ಲಿಗೆ ‘ಆಟಿಕೆ ಪರೀಕ್ಷೆ’ ಎಂದರೆ 3.9 ಓಮ್ ರೆಸಿಸ್ಟರಿನ ಮೂಲಕ ದಿನಕ್ಕೊಂದು ಗಂಟೆ ಹರಿಸುತ್ತ, ವೋಲ್ಟೇಜ್ 0.8ಕ್ಕೆ ಇಳಿಯುವ ತನಕ ಒಟ್ಟು ಎಷ್ಟು ಗಂಟೆಯಾಯಿತೆಂದು ಎಣಿಸುವುದು.

ಈಗ ಲ್ಯಾಪ್‌ಟಾಪ್ ಸೆಲ್ಲಿಗೆ ಬರೋಣ. ಮೈಮೇಲೆ 2200 ಎಂಎಎಚ್ ಎಂದಿರುವ ಹಳೆಯ ಸೆಲ್ ಒಂದಿದೆ ಎಂದುಕೊಳ್ಳಿ. ಐದು ಗಂಟೆಯಲ್ಲಿ ಖಾಲಿಯಾಗುವ ವೇಗದಲ್ಲಿ ಅಳೆಯುವುದು ಕಂಪನಿಗಳ ರೂಢಿ; ಈ ಸೆಲ್ಲಿಗೆ ಅದು 440 ಮಿಲಿಆಂಪ್. ಹತ್ತು ಓಮ್ ರೆಸಿಸ್ಟರ್ ಹಾಕಿದರೆ 400ರ ಆಸುಪಾಸಿನಲ್ಲಿ ಶುರುವಾಗಿ ಮೆಲ್ಲಗೆ ಇಳಿಯುತ್ತದೆ, ಅಷ್ಟು ಸಾಕು. ರೆಸಿಸ್ಟರಿನಲ್ಲಿ ಮೊದಲಿಗೆ ಸುಮಾರು ಒಂದೂಮುಕ್ಕಾಲು ವ್ಯಾಟ್ ಸುಡುವುದರಿಂದ ಕಾಲು ವ್ಯಾಟಿನದು ಹೊಗೆಯಾಡುತ್ತದೆ. ಬಿಳಿ ಸಿಮೆಂಟ್ ರೆಸಿಸ್ಟರು, ಹತ್ತು ವ್ಯಾಟಿನದು ಬೇಕು. ಅದೂ ಕೈ ಇಡಲಾಗದಷ್ಟು ಬಿಸಿಯಾಗಬಹುದು. ಟೈಲ್ಸ್ ಮೇಲಿಡಿ, ಮರದ ಮೇಜಿನ ಮೇಲೆ ಬೇಡ.

ಸೆಲ್ಲನ್ನು 4.2 ವೋಲ್ಟಿಗೆ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಸುಮ್ಮನೆ ಬಿಟ್ಟಾಗ ಮೀಟರ್ 4.18 ತೋರಿಸಿತು. ರೆಸಿಸ್ಟರ್ ಜೋಡಿಸಿದೊಡನೆ 4.08ಕ್ಕೆ ಕುಸಿಯಿತು. ಅಲ್ಲಿಂದ ಗಡಿಯಾರ ಶುರು. ಅರ್ಧರ್ಧ ಗಂಟೆಗೆ ಓದಿದರೆ ಸಿಗುವ ಸಾಲು ಹೀಗಿದೆ: 3.95, 3.86, 3.78, 3.71, 3.65, 3.58, 3.44. ಆಮೇಲೆ ಇಳಿತ ಜೋರಾಗಿ, 3 ಗಂಟೆ 50 ನಿಮಿಷಕ್ಕೆ 3.0 ಮುಟ್ಟಿತು. ತಕ್ಷಣ ಬಿಚ್ಚಬೇಕು. ಈ ಅವಧಿಯ ಸರಾಸರಿ ವೋಲ್ಟೇಜ್ 3.71. ಹತ್ತು ಓಮ್‌ನಿಂದ ಭಾಗಿಸಿದರೆ 371 ಮಿಲಿಆಂಪ್, ಅದನ್ನು 3.83 ಗಂಟೆಯಿಂದ ಗುಣಿಸಿದರೆ ಸುಮಾರು 1420 ಎಂಎಎಚ್. ಲೇಬಲ್ಲಿನ ಅಂಕಿಯಲ್ಲಿ ನೂರಕ್ಕೆ 65 ಉಳಿದಿದೆ ಎಂದಾಯಿತು. ಒಂದು ವ್ಯಾಟಿನ ಎಲ್‌ಇಡಿಗೆ ಇದು ರಾತ್ರಿ ನಾಲ್ಕು ಗಂಟೆ ಧಾರಾಳ ಸಾಕು.

ಕೊನೆಯ ಅಂಕಿಗಿಂತ ನನಗೆ ಹೆಚ್ಚು ಹಿಡಿಸುವುದು ಮೊದಲ ಕ್ಷಣದ ಕುಸಿತ. 4.18ರಿಂದ 4.08ಕ್ಕೆ, ಅಂದರೆ ಸುಮಾರು 0.4 ಆಂಪಿಯರಿಗೆ 0.1 ವೋಲ್ಟ್ ಕಳೆದುಹೋಯಿತು. ಸೆಲ್ಲಿನ ಒಳಗೇ ಕಾಲು ಓಮ್‌ನಷ್ಟು ರೋಧ ಕೂತಿದೆ ಎಂದು ಇದರ ಅರ್ಥ. ಹೊಸ ಸೆಲ್ಲಿನಲ್ಲಿ ಅದು 0.1 ಓಮ್‌ಗೂ ಕಡಿಮೆ ಇರುತ್ತದೆ. ಹೀಗಾಗಿ ಇದೇ ಸೆಲ್ ದೀಪಕ್ಕೆ ಒಗ್ಗಿದರೂ ಡ್ರಿಲ್ ಮೆಷಿನ್ನಿಗೋ ಎಲೆಕ್ಟ್ರಿಕ್ ಸೈಕಲ್ಲಿಗೋ ಆಗದು. ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಬೇಗ ಕುಸಿದು, ಒಳಗೆ ಸಾಕಷ್ಟು ಉಳಿದಿದ್ದರೂ ಖಾಲಿಯಾದಂತೆ ಕಾಣುತ್ತದೆ.

ಸೀಸದ ಬ್ಯಾಟರಿಯಲ್ಲಿ ಇದಕ್ಕೊಂದು ಲೆಕ್ಕಸೂತ್ರವನ್ನೇ 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ಕೊಟ್ಟ: ವೇಗವಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ನಮ್ಮ ಮನೆಗಳ ಯುಪಿಎಸ್ ಕೆಳಗಿರುವ 150 ಎಎಚ್ ಬ್ಯಾಟರಿಯ ಮೇಲೆ ಸಿ20 ಎಂದು ಸಣ್ಣದಾಗಿ ಬರೆದಿರುತ್ತದೆ. ಏಳೂವರೆ ಆಂಪಿಯರಿನಂತೆ 20 ಗಂಟೆ ಎಳೆದರೆ ಮಾತ್ರ ಆ 150 ಎಂದು ಅದರ ತಾತ್ಪರ್ಯ. ಕರೆಂಟ್ ಹೋದಾಗ ಫ್ಯಾನು, ದೀಪ, ಟೀವಿ ಎಲ್ಲ ಸೇರಿ 60 ಆಂಪಿಯರ್ ಎಳೆದರೆ ಎರಡೂವರೆ ಗಂಟೆ ಬರಬೇಕೆಂದು ಲೆಕ್ಕ ಹಾಕುತ್ತೇವೆ; ಎರಡು ಗಂಟೆಗೂ ಮೊದಲೇ ಕೀರಲಿಡುತ್ತದೆ. ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ, ಆ 150 ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ. ಎಷ್ಟು ಓಮ್, ಎಷ್ಟು ವೋಲ್ಟಿಗೆ ನಿಲ್ಲಿಸಿದ್ದು ಎಂದು ಹೇಳದ ಎಂಎಎಚ್‌ಗೆ ನಾನಂತೂ ಬೆಲೆ ಕೊಡುವುದಿಲ್ಲ.

ಅಳತೆ ತಪ್ಪುವುದು ಹೆಚ್ಚಾಗಿ ಸಂದುಗಳಲ್ಲಿ. ಸೆಲ್ ಹೋಲ್ಡರಿನ ತುಕ್ಕು ಹಿಡಿದ ಸ್ಪ್ರಿಂಗು, ಕಳಪೆ ಕ್ಲಿಪ್ಪು ಸೇರಿ 0.3 ಓಮ್ ಆಗುವುದು ಸಾಮಾನ್ಯ. ಆಗ ಸೆಲ್ಲಿನ ತುದಿಯ ವೋಲ್ಟೇಜನ್ನು ಬರೀ ಹತ್ತರಿಂದ ಭಾಗಿಸಿದರೆ ನೂರಕ್ಕೆ ಮೂರರಷ್ಟು ಹೆಚ್ಚು ಬರುತ್ತದೆ. ನಮ್ಮ 1420 ನಿಜಕ್ಕೆ 1380. ಕರೆಂಟಿನ ಲೆಕ್ಕಕ್ಕೆ ರೆಸಿಸ್ಟರಿನ ಎರಡು ಕಾಲುಗಳ ಮೇಲೇ ಮೀಟರ್ ಇಡಿ, ನಿಲ್ಲಿಸುವ ಹೊತ್ತು ನೋಡಲು ಮಾತ್ರ ಸೆಲ್ಲಿನ ತುದಿಗಿಡಿ. ಎರಡೂ ಓದುಗಳ ನಡುವೆ ದೊಡ್ಡ ಅಂತರ ಕಂಡರೆ ಸಂದು ಸರಿಯಿಲ್ಲ. ರೆಸಿಸ್ಟರಿನ ಮೇಲೆ ಬರೆದ ಹತ್ತು ಓಮ್‌ನಲ್ಲೂ ನೂರಕ್ಕೆ ಐದು ಆಚೀಚೆ ಇರಬಹುದು. ಅಳೆದೇ ಬಳಸಿ, ಮೀಟರಿನ ಎರಡು ತುದಿಗಳನ್ನು ಮುಟ್ಟಿಸಿದಾಗ ತೋರುವ ಓಮನ್ನು ಕಳೆಯಲು ಮರೆಯಬೇಡಿ.

ಬಿಚ್ಚಿದ ಮೇಲೆ ಸೆಲ್ಲಿನ ವೋಲ್ಟೇಜ್ ಮತ್ತೆ 3.3ರತ್ತ ಏರುತ್ತದೆ. ಇನ್ನೂ ಇದೆಯಲ್ಲ ಎಂದು ಮತ್ತೆ ಜೋಡಿಸಬಾರದು. ಲಿಥಿಯಂ ಸೆಲ್ಲನ್ನು ತೀರಾ ಕೆಳಗಿಳಿಸಿದರೆ ಒಳಗಿನ ತಾಮ್ರದ ಹಾಳೆ ಕರಗಿ, ಮುಂದಿನ ಚಾರ್ಜಿನಲ್ಲಿ ಒಳಗೇ ಶಾರ್ಟ್ ಆಗುವ ಅಪಾಯವಿದೆ. ರೆಸಿಸ್ಟರಿಗೆ ತಾನಾಗಿ ನಿಲ್ಲಲು ಬಾರದು, ಆದ್ದರಿಂದ ರಾತ್ರಿ ಜೋಡಿಸಿ ಮಲಗಬೇಡಿ. ಪ್ಯಾಕ್ ಒಡೆಯುವಾಗಲೇ ಎರಡು ವೋಲ್ಟಿಗಿಂತ ಕೆಳಗಿದ್ದ ಸೆಲ್, ಚಾರ್ಜಿಗಿಟ್ಟಾಗ ಬಿಸಿಯಾಗುವ ಸೆಲ್ ಈ ಪರೀಕ್ಷೆಗೇ ಬೇಡ, ನೇರ ಇ-ತ್ಯಾಜ್ಯಕ್ಕೆ ಹಾಕಿ.

ಆನ್‌ಲೈನಿನಲ್ಲಿ 9900 ಎಂಎಎಚ್ ಎಂದು ಮಾರುವ 18650 ಸೆಲ್ ಕಂಡರೆ ಈ ಹತ್ತು ಓಮ್ ನೆನಪಿರಲಿ. ಮಾತು ನಿಜವಾದರೆ ಅದು ಸುಮಾರು 27 ಗಂಟೆ ಬಾಳಬೇಕು. ಈ ಅಳತೆಯಲ್ಲಿ ಒಳ್ಳೆಯ ಕಂಪನಿಗಳು ಮಾಡುವ ದೊಡ್ಡ ಸೆಲ್ಲೇ ಸಾಮಾನ್ಯವಾಗಿ 3500ರ ಆಸುಪಾಸಿನದು. ಅಳೆದ ಸೆಲ್ಲಿನ ಮೇಲೆ, ಬಂದ ಎಂಎಎಚ್, ಓಮ್, ನಿಲ್ಲಿಸಿದ ವೋಲ್ಟ್, ತಾರೀಖು ನಾಲ್ಕನ್ನೂ ಮಾರ್ಕರಿನಲ್ಲಿ ಬರೆದಿಡಿ. ಆರು ತಿಂಗಳ ನಂತರ ಅದೇ ರೆಸಿಸ್ಟರಿನಲ್ಲಿ ಮತ್ತೊಮ್ಮೆ ಅಳೆಯಿರಿ.